ದೇವೀರಪ್ಪನ ಒಳ್ಳೆ ರಿಪೋರ್ಟು

ದೇವೀರಪ್ಪ ಮಹಾ ಹಟಮಾರಿ. ಸತ್ತವನ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಅವನ ಜೊತೆ ಒಂದು ದಿನವೂ ಕೆಲಸ ಮಾಡಿದವರಲ್ಲ. ನಾನು ಬೇಲೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಅರಸೀಕೆರೆಯಿಂದ ಜಾವಗಲ್, ಹಳೇಬೀಡಿನ ಮೇಲೆ ಬರುವ ಅವನ ಬಸ್ಸು ಐದು ನಿಮಿಷ ತಡವಾದರೂ ನಾನು ಕೇಳುವ ಮೊದಲೇ ಅವನೇ ಜಗಳಕ್ಕೆ ನಿಲ್ಲುತ್ತಿದ್ದ. ಸ್ಟೀರಿಂಗ್ ಅಂದರೆ ಅವನಿಗೆ ಪ್ರಾಣ. ರಜೆಯ ದಿನವೂ ಡಿಪೋಗೆ ಬಂದು ಬೇರೆಯವರ ಬಸ್ಸಿನ ಬ್ರೇಕು ಒತ್ತಿ ನೋಡುವ ಮನುಷ್ಯ.

ಅದೇ ಬಸ್ಸಿನ ಕಂಡಕ್ಟರ್ ಹೇಮಲತಾ. ಗಂಡನಿಲ್ಲದ ಹೆಂಗಸು, ಲೆಕ್ಕದಲ್ಲಿ ಗಟ್ಟಿ, ಬಾಯಲ್ಲಿ ಇನ್ನೂ ಗಟ್ಟಿ. ಆದರೆ ನಾಲ್ಕು ವರ್ಷದಿಂದ ಅವಳಿಗೆ ಹೊಟ್ಟೆಯ ಕಾಟ. ಬಸ್ಸು ಹೊರಟು ಜಾವಗಲ್ ತಲುಪುವಷ್ಟರಲ್ಲಿ ಹೊಟ್ಟೆ ಹಿಂಡಿ ಬರುತ್ತಿತ್ತು. ಗಂಡಸಾದರೆ ಬೇಲಿ ಮರೆಗೆ ಓಡಬಹುದು. ತುಂಬಿದ ಬಸ್ಸಿನಲ್ಲಿ ಚೀಲ ಅಪ್ಪಿಕೊಂಡು, ಹಲ್ಲು ಕಚ್ಚಿ, ಬೆವರುತ್ತಾ ಟಿಕೆಟ್ ಹರಿಯುವ ಹೆಂಗಸು ಎಲ್ಲಿಗೆ ಓಡಬೇಕು? ತೋರಿಸಿದ ಕಡೆಯೆಲ್ಲ ಒಂದೇ ಉತ್ತರ: ನಿನಗೇನೂ ಇಲ್ಲ, ಟೆನ್ಷನ್. ಕಚೇರಿ ಕೆಲಸ ಕೊಡಿ ಎಂದು ಡಿಪೋದಲ್ಲಿ ಕೇಳಿದರೆ, ಕಾಯಿಲೆ ಇದೆ ಎಂದು ಡಾಕ್ಟರಿಂದ ಬರೆಸಿಕೊಂಡು ಬಾ ಎಂದರು.

2009ರ ಆ ಹೊತ್ತಿಗೆ ದೇವೀರಪ್ಪನಿಗೂ ಹೊಟ್ಟೆ ಕೆಟ್ಟು ತಿಂಗಳುಗಳಾಗಿದ್ದವು. ಅವನಿಗೆ ರಕ್ತವೂ ಹೋಗುತ್ತಿತ್ತು. ಅದನ್ನು ಹೆಂಡತಿ ಬಸಮ್ಮನಿಗೂ ಹೇಳಿರಲಿಲ್ಲ. ಕಾಯಿಲೆ ಬಿದ್ದ ಒಬ್ಬ ಡ್ರೈವರನ್ನು ಡಿಪೋದವರು ಬಸ್ ತೊಳೆಯುವ ಕೆಲಸಕ್ಕೆ ಹಾಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಲೈಸೆನ್ಸ್ ನವೀಕರಣ ಬೇರೆ ಹತ್ತಿರ ಬಂದಿತ್ತು, ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಬಾಡಿದ ಮುಖ ನೋಡಿ ಹೇಮಲತಾಳೇ ಅವನನ್ನು ಅರಸೀಕೆರೆಯ ಡಾಕ್ಟರ್ ಚಿದಂಬರ ಅವರ ಹತ್ತಿರ ಎಳೆದುಕೊಂಡು ಹೋದಳು. ತಾನೂ ತೋರಿಸಿಕೊಂಡಳು.

ಡಾಕ್ಟರು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು: ರಕ್ತ ಹೋಗುತ್ತಾ, ತೂಕ ಇಳಿದಿದೆಯಾ, ಜ್ವರ ಬರುತ್ತಾ, ಸೊಂಟನೋವಿಗೆ ಮಾತ್ರೆ ನುಂಗುತ್ತೀರಾ? ಹೇಮಲತಾ ಇಲ್ಲ ಎಂದಳು, ಅದು ನಿಜ. ದೇವೀರಪ್ಪನೂ ಇಲ್ಲ ಎಂದ, ಅದು ಸುಳ್ಳು.

"ಒಂದು ಹೊಸ ಪರೀಕ್ಷೆ ಇದೆ, ಬೆಂಗಳೂರಿಗೆ ಕಳಿಸ್ತೀನಿ. ಕ್ಯಾಲ್‌ಪ್ರೊಟೆಕ್ಟಿನ್ ಅಂತ" ಎಂದರು ಡಾಕ್ಟರು. "ಕರುಳು ಒಳಗೆ ಉರಿದು ಹುಣ್ಣಾಗಿದ್ರೆ ಬಿಳಿ ರಕ್ತಕಣ ಅಲ್ಲಿಗೆ ಮುತ್ಕೋತವೆ. ಅವುಗಳ ಒಳಗಿನ ಒಂದು ಪ್ರೋಟೀನು ಮಲದಲ್ಲಿ ಇಳಿಯುತ್ತೆ. ಅದನ್ನ ಅಳೀತಾರೆ. ಐವತ್ತರ ಕೆಳಗಿದ್ರೆ ಉರಿಯೂತ ಇರೋ ಸಂಭವ ತೀರಾ ಕಡಿಮೆ, ಕರುಳಿನ ಚಲನೆಯ ತೊಂದರೆ ಅಂದ್ಕೋಬಹುದು. ತುಂಬಾ ಜಾಸ್ತಿ ಬಂದ್ರೆ ಹಾಸನದಲ್ಲಿ ಪೈಪ್ ಹಾಕಿ ಕರುಳನ್ನೇ ನೋಡ್ಬೇಕು."

ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮೇಲೆ ಹೆಸರಿನ ಚೀಟಿ.

ಮಾರನೆಯ ಬೆಳಗ್ಗೆ ಡಬ್ಬಿ ಕೊಡಲು ಬಂದಾಗ ಕ್ಲಿನಿಕ್ಕಿನ ಹೊರಗೆ ದೇವೀರಪ್ಪ ತನ್ನ ಬುದ್ಧಿ ಉಪಯೋಗಿಸಿದ. ಆ ಬುದ್ಧಿಗೆ ಇಷ್ಟು ಬೆಂಕಿ ಬೀಳಲಿ.

"ಹೇಮವ್ವ, ನಂಗೆ ರಿಪೋರ್ಟು ಚೆನ್ನಾಗಿ ಬರ್ಬೇಕು. ನಿಂಗೆ ಕೆಟ್ಟದಾಗಿ ಬರ್ಬೇಕು. ಚೀಟಿ ಅದ್ಲುಬದ್ಲು ಮಾಡ್ಕಳಾನ."

"ದೇವೀರಣ್ಣ, ನಿಮಗೆ ನಿಜವಾಗ್ಲೂ ಏನೋ ಇದ್ರೆ?"

"ಲೈಸೆನ್ಸ್ ಒಂದು ಆಗ್ಲಿ. ಆಮೇಲೆ ನಾನೇ ಬತ್ತೀನಿ, ಎಲ್ಲಾನೂ ಹೇಳ್ತೀನಿ. ರಕ್ತ ಹೋಗೋದು ಮೂಲವ್ಯಾಧಿ ಕಣವ್ವ, ನಮ್ಮಪ್ಪನಿಗೂ ಇತ್ತು."

ಅವಳು ಒಪ್ಪಿದಳು. ನಾಲ್ಕು ವರ್ಷ ಏನೂ ಇಲ್ಲ ಎನ್ನಿಸಿಕೊಂಡು ರೋಸಿಹೋಗಿದ್ದಳು. ಪರೀಕ್ಷೆ ಅನ್ನುವುದು ಪಾಸು ಮಾಡಿಕೊಳ್ಳುವ ವಿಷಯ ಎಂದು ಶಾಲೆಯಿಂದಲೂ ಕಲಿತವರು ನಾವು; ಅವರಿಬ್ಬರೂ ಇದನ್ನೂ ಹಾಗೆಯೇ ತಿಳಿದರು. ಚೀಟಿ ಕಿತ್ತು ಅಂಟಿಸಿದರು.

ವಾರದ ಮೇಲೆ ರಿಪೋರ್ಟು ಬಂತು. ದೇವೀರಪ್ಪನ ಹೆಸರಿಗೆ ಹದಿನೆಂಟು. ಹೇಮಲತಾಳ ಹೆಸರಿಗೆ ಸಾವಿರದ ಮೇಲೆ.

ಡಾಕ್ಟರು ದೇವೀರಪ್ಪನ ಬೆನ್ನು ತಟ್ಟಿದರು. ಕರುಳಲ್ಲಿ ಉರಿಯೂತ ಕಾಣುತ್ತಿಲ್ಲ, ಹಿಂಡುವ ನೋವಿಗೆ ಮಾತ್ರೆ ತಗೊಳ್ಳಿ, ರಕ್ತ ಕಂಡರೆ ಮಾತ್ರ ಆ ಕ್ಷಣ ಬನ್ನಿ ಎಂದರು. ಅವನು ತಲೆಯಾಡಿಸಿ ಬಂದ. ಆಮೇಲೆ ನಿಲ್ದಾಣದಲ್ಲಿ ನಮಗೆಲ್ಲ ಕಾಫಿ ಕುಡಿಸಿದ. ವಿಚಿತ್ರವೆಂದರೆ ಆ ಹದಿನೆಂಟನ್ನು ಅವನೂ ನಂಬತೊಡಗಿದ. ತನ್ನದಲ್ಲ ಎಂದು ಗೊತ್ತಿದ್ದೂ ನಂಬಿದ. ಮೆಡಿಕಲ್ ಶಾಪಿನಿಂದ ಭೇದಿ ಕಟ್ಟುವ ಮಾತ್ರೆ ತಂದು ಟ್ರಿಪ್ಪಿಗೆ ಮುಂಚೆ ನುಂಗುತ್ತಿದ್ದ, ಕೆಲವು ದಿನ ನಾಲ್ಕೈದು ಒಟ್ಟಿಗೆ.

ಇತ್ತ ಹೇಮಲತಾಳಿಗೆ ಹಾಸನದಲ್ಲಿ ಪೈಪ್ ಹಾಕಿದರು. ದೊಡ್ಡ ಕರುಳು, ಸಣ್ಣ ಕರುಳಿನ ಕೊನೆ, ಎಲ್ಲವೂ ಶುದ್ಧ. ಚೂರು ತೆಗೆದು ಪರೀಕ್ಷಿಸಿದರೆ ಅದೂ ಶುದ್ಧ. ಅದನ್ನು ನೋಡಿ ಚಿದಂಬರ ಅವರು ತಲೆ ಕೆರೆದುಕೊಂಡರು. ನೋವಿನ ಮಾತ್ರೆಯಿಂದಲೂ ಅಂಕಿ ಏರಬಹುದು, ಸೋಂಕಿನಿಂದಲೂ ಏರಬಹುದು, ಆದರೆ ಇವಳಿಗೆ ಎರಡೂ ಇರಲಿಲ್ಲ.

"ಹೇಮಲತಾ ಅವ್ರೇ, ಆ ಡಬ್ಬಿಯಲ್ಲಿದ್ದದ್ದು ನಿಮ್ಮದೇನಾ?"

"ನಂದೇ ಡಾಕ್ಟ್ರೇ" ಎಂದಳು. ಹೊರಗೆ ಬಂದವಳು ನೇರವಾಗಿ ದೇವೀರಪ್ಪನ ಹತ್ತಿರ ಹೋಗಿ ಬೇಡಿಕೊಂಡಳು.

"ಹೇಳ್ಬಿಡಿ ಅಣ್ಣ. ನನ್ನ ಕರುಳಲ್ಲಿ ಏನೂ ಇಲ್ವಂತೆ. ಹಂಗಾದ್ರೆ ಆ ಸಾವಿರ ಪೂರ್ತಿ ನಿಮ್ದು."

"ಸೋಮವಾರ ಲೈಸೆನ್ಸ್ ಕೈಗೆ ಬತ್ತದೆ. ಮಂಗಳವಾರ ಹೋಗಾನ. ಬಾಯ್ ಮುಚ್ಕಂಡಿರು."

ಅವಳು ಬಾಯಿ ಮುಚ್ಚಿಕೊಂಡಳು. ಮೂರು ಟ್ರಿಪ್ಪಿನ ಕಂಡಕ್ಟರಿಕೆ ಮಾಡುತ್ತಾ ಅವನ ಬೆನ್ನು ನೋಡುತ್ತಿದ್ದಳಂತೆ, ಅಂಗಿ ಬೆವರಿಗೆ ಅಂಟಿಕೊಂಡಿತ್ತಂತೆ.

ಭಾನುವಾರ ಹಳೇಬೀಡು ದಾಟಿದ ಮೇಲೆ ದೇವೀರಪ್ಪ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ತಲೆ ಇಟ್ಟ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಆಂಬುಲೆನ್ಸಿನಲ್ಲಿ ಹೇಮಲತಾ ಎಲ್ಲವನ್ನೂ ಫೋನಿನಲ್ಲಿ ಚಿದಂಬರ ಅವರಿಗೆ ಹೇಳಿದಳು. ಅವರು ಬೈಯಲಿಲ್ಲ. ಹಾಸನದ ಸರ್ಜನ್ನಿಗೆ ತಕ್ಷಣ ವಿಷಯ ಮುಟ್ಟಿಸಿದರು. ಆದರೆ ಉರಿಯುತ್ತಿದ್ದ ದೊಡ್ಡ ಕರುಳು ಆ ಕಟ್ಟುವ ಮಾತ್ರೆಗಳಿಂದ ಅಲುಗಾಡದೆ ಊದಿ, ಒಂದು ಕಡೆ ಒಡೆದುಹೋಗಿತ್ತು. ಕೊಯ್ದು ತೆಗೆದರು. ನಂಜು ಮೈಗೆಲ್ಲ ಏರಿತ್ತು. ಬುಧವಾರ ಸತ್ತ.

ಮಣ್ಣು ಮಾಡಿ ಬಂದ ಮೇಲೆ ಅವನ ಮನೆಯ ಅಂಗಳದಲ್ಲಿ ನಾವೆಲ್ಲ ಕೂತಿದ್ದೆವು. ಅವನ ತಮ್ಮ ಚನ್ನಪ್ಪ ಕುದಿಯುತ್ತಿದ್ದ.

"ಏನೂ ಇಲ್ಲ ಅಂತ ಕಳ್ಸಿದ್ನಲ್ಲ ಆ ಡಾಕ್ಟ್ರು! ರಿಪೋರ್ಟು ನೋಡಿ ಬೆನ್ನು ತಟ್ಟಿದ್ನಂತೆ. ನಡೀರ್ಲಾ ಅರಸೀಕೆರೆಗೆ, ಅವನ ಕ್ಲಿನಿಕ್ಕು ಇವತ್ತು ಉಳೀಬಾರ್ದು."

ಏಳೆಂಟು ಜನ ಎದ್ದರು. ಒಬ್ಬ ಟೆಂಪೋಗೆ ಕೈ ಬೀಸಿದ. ಆಗ ಹೆಂಗಸರ ನಡುವೆ ಕೂತಿದ್ದ ಹೇಮಲತಾ ಎದ್ದು ನಿಂತಳು.

"ಡಾಕ್ಟ್ರದ್ದು ತಪ್ಪಿಲ್ಲ. ಅವರು ನೋಡಿದ ರಿಪೋರ್ಟು ದೇವೀರಣ್ಣಂದಲ್ಲ. ನಂದು. ನಾವಿಬ್ರೂ ಡಬ್ಬಿ ಚೀಟಿ ಬದ್ಲಾಯಿಸಿದ್ವಿ."

ಯಾಕೆ, ಹೇಗೆ ಎಂದು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಚನ್ನಪ್ಪ ಹೊಡೆಯಲು ನುಗ್ಗಿದ, ನಾನೂ ಇನ್ನೊಬ್ಬರೂ ಹಿಡಿದುಕೊಂಡೆವು. ಒಳಗಿನಿಂದ ಬಸಮ್ಮ ಬಂದಳು. ಅತ್ತು ಅತ್ತು ಅವಳ ಧ್ವನಿ ಇಂಗಿಹೋಗಿತ್ತು. ಹೇಮಲತಾಳ ಹತ್ತಿರ ಬಂದು ಅವಳ ಹೊಟ್ಟೆಯ ಮೇಲೆ ಕೈ ಇಟ್ಟಳು. ಹೊಡೆಯುತ್ತಾಳೇನೋ ಎಂದುಕೊಂಡೆವು.

"ಹಂಗಾದ್ರೆ" ಎಂದಳು ಬಸಮ್ಮ, "ನಿಂಗೇನೂ ಇಲ್ಲ, ಅಲ್ವೇನವ್ವ?"