ಒಂದೇ ಖಾನೆಯ ಫಾರಂ

ಜೀವಮಾನದಲ್ಲಿ ಒಂದು ಬೀಡಿ ಅಂಗಡಿಯನ್ನೂ ಇಟ್ಟು ನೋಡದವರು ಸೇರಿಕೊಂಡು, ಉದ್ಯಮ ಮಾಡುವುದು ಹೇಗೆ ಅಂತ ಊರಿಗೆಲ್ಲ ಪಾಠ ಹೇಳುವ ಕಟ್ಟಡವೊಂದು ಚಿತ್ರದುರ್ಗದಲ್ಲಿದೆ. ಹದಿಮೂರು ದಿನದ ತರಬೇತಿ, ಊಟ ವಸತಿ ಉಚಿತ, ಕೊನೆಗೆ ಬಣ್ಣದ ಪ್ರಮಾಣಪತ್ರ. ಪಾಠ ಹೇಳುವವರಲ್ಲಿ ನಾನೂ ಒಬ್ಬ. ಹೆಸರು ರಾಜಶೇಖರ್, ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಸಾಲದ ಅರ್ಜಿಯಲ್ಲಿ ತಪ್ಪು ಹುಡುಕಿ ನಿವೃತ್ತನಾದವನು. ಉಳಿದವರನ್ನು ಬೈಯುವುದಕ್ಕೆ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು.

ನಾನು ಹೇಳಹೊರಟ ತಂಡದಲ್ಲಿ ಮೂವತ್ತೈದು ಜನ ಇದ್ದರು. ಹಿರಿಯೂರಿನ ಅಂಜಲಿಯೂ ಇದ್ದಳು, ವಯಸ್ಸು ಮೂವತ್ನಾಲ್ಕು, ತವರು ಹೊಳಲ್ಕೆರೆ ಕಡೆಯ ತಾಳ್ಯ. ಗಂಡ ದುರ್ಗೇಶ್ ತೆಂಗಿನಕಾಯಿ ಮಂಡಿಯಲ್ಲಿ ಲೋಡು ಹಾಕುವವನು. ಅವಳು ಎಂಟು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ಹಾಕಿದ್ದಳು. ಬೆಳಗ್ಗೆ ಆರೂವರೆಗೆ ಹೈವೇಯಲ್ಲಿ ನಿಂತು ಫ್ಯಾಕ್ಟರಿ ಬಸ್ಸು ಹತ್ತಬೇಕು. ಒಳಗೆ ಬಾತ್‌ರೂಮಿಗೆ ಹೋಗಬೇಕಾದರೂ ಸೂಪರ್‌ವೈಸರನ ಮುಖ ನೋಡಬೇಕು. ಅದು ಸಾಕಾಗಿ ಬಿಟ್ಟು ಬಂದು, ತನಗೆ ಇಷ್ಟ ಅಂತ ಆರಿ ವರ್ಕ್ ಕಲಿತು, ಮದುವೆ ಬ್ಲೌಸಿಗೆ ಮಣಿ ಜರಿ ಕೂರಿಸುವ ಅಂಗಡಿಯನ್ನು ತನ್ನ ಬೀದಿಯಲ್ಲೇ ತೆರೆದಿದ್ದಳು. ಏಳು ತಿಂಗಳಿಗೆ ಮುಚ್ಚಿತು. ದುರ್ಗೇಶ್ ಕೆಟ್ಟವನಲ್ಲ, ಆದರೆ ಮಾತು ನೇರ. "ಇನ್ನೊಂದ್ಸಲ ನೋಡು. ಇದೂ ಆಗ್ಲಿಲ್ಲ ಅಂದ್ರೆ ಬಸ್ ಹತ್ತು," ಅಂದಿದ್ದ. ತರಬೇತಿ ಮುಗಿಸಿದವರಿಗೆ ಸಿಗುವ ಸಬ್ಸಿಡಿ ಸಾಲ ಒಂದು ಮನೆಗೆ ಒಂದೇ ಸಲ, ಅದನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ಹಾಗಾಗಿ ಅವಳು ತರಬೇತಿಗೆ ಬಂದಿದ್ದು ಪ್ರಮಾಣಪತ್ರಕ್ಕಲ್ಲ, ಆ ಬಸ್ಸು ತಪ್ಪಿಸಿಕೊಳ್ಳುವುದಕ್ಕೆ.

ಮೊದಲ ದಿನ ಗೋವರ್ಧನ ಬಂದ. ಕಿವಿಗೆ ಮೈಕು ಸಿಕ್ಕಿಸಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುವ ಆಸಾಮಿ. ಎಲ್ಲರನ್ನೂ ಎದ್ದು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಎದೆಯ ಮೇಲೆ ಕೈ ಇಡಿಸಿ, "ನಿಮ್ಮ ಮನಸ್ಸು ಏನು ಬೇಡುತ್ತೋ ಅದೇ ನಿಮ್ಮ ಬಿಸಿನೆಸ್ಸು" ಎಂದ. ಹೊಸದುರ್ಗದ ಹುಡುಗನೊಬ್ಬ ಅಲ್ಲೇ ಕಣ್ಣೀರು ಹಾಕಿದ. ಗೋವರ್ಧನನ ಮನಸ್ಸು ಏನು ಬೇಡುತ್ತದೆ ಅಂತ ನನಗೆ ಗೊತ್ತು. ಗೌರವಧನದ ಚೆಕ್ಕು.

ಎರಡನೇ ದಿನ ಶಿವಕುಮಾರಪ್ಪ, ಐಟಿಐಯ ನಿವೃತ್ತ ಮೇಷ್ಟ್ರು. "ಮನಸ್ಸು ಗಿನಸ್ಸು ಎಲ್ಲ ಬಿಡ್ರಿ. ಕೈಯಾಗೆ ಏನ್ ಕಸುಬು ಐತೆ ಅದನ್ನ ಮಾಡ್ರಿ," ಅಂದರು. ಅವರ ಕೈಯಲ್ಲಿ ತರಬೇತಿ ಪಡೆದು ಹೋದವರೆಲ್ಲ ಒಂದೇ ಕಸುಬು ಕಲಿತು, ಒಂದೇ ರಸ್ತೆಯಲ್ಲಿ ಅಂಗಡಿ ಇಟ್ಟು, ಒಬ್ಬರ ಬಾಗಿಲು ಒಬ್ಬರು ನೋಡುತ್ತಾ ಕೂತಿರುವುದು ಅವರ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ.

ಮೂರನೇ ದಿನ ನಾನು. ಅವರಿಬ್ಬರಿಗಿಂತ ನಾನು ಬುದ್ಧಿವಂತ ಅಂತ ಬಲವಾಗಿ ನಂಬಿದ್ದವನು. "ಬೇಡಿಕೆ ನೋಡಿ. ಜನ ಎಲ್ಲಿ ಮುತ್ತಿಕೊಂಡಿದ್ದಾರೆ ಅಲ್ಲಿ ಅಂಗಡಿ ಇಡಿ. ಹಿರಿಯೂರು ಬಸ್ ಸ್ಟ್ಯಾಂಡಿನ ಎದುರು ಸಾಲಾಗಿ ಮೂರು ಬೇಕರಿ ಇವೆ, ಮೂರರ ಮುಂದೂ ಜನ. ಅಂದರೆ ನಾಲ್ಕನೆಯದಕ್ಕೂ ಜಾಗ ಇದೆ" ಎಂದು ಬೋರ್ಡಿನ ಮೇಲೆ ಬಾಣ ಗೀಚಿದೆ. ಈ ಉದಾಹರಣೆಯನ್ನು ನಾನು ಹನ್ನೊಂದು ತಂಡಗಳಿಗೆ ಹೇಳಿದ್ದೆ, ಯಾರೂ ತುಟಿ ಬಿಚ್ಚಿರಲಿಲ್ಲ.

ಅಂಜಲಿ ಎದ್ದು ನಿಂತಳು. "ಸಾರ್, ಮೊನ್ನೆ ಅವ್ರು ಇಷ್ಟ ಅಂದ್ರು, ನಿನ್ನೆ ಇವ್ರು ಕಸುಬು ಅಂದ್ರು, ಇವತ್ತು ನೀವು ಬೇಡಿಕೆ ಅಂತೀರಿ. ಫಾರಂನಾಗೆ ಒಂದೇ ಖಾನೆ ಐತೆ. ಯಾರ್ದು ಬರೀಲಿ?"

ಸಾಲದ ಫಾರಂನಲ್ಲಿ 'ಉದ್ದೇಶಿತ ಚಟುವಟಿಕೆ' ಅಂತ ಅರ್ಧ ಗೇಣು ಉದ್ದದ ಖಾನೆ ಇರುತ್ತದೆ. ನಾನು ಮೇಷ್ಟ್ರ ನಗೆ ನಕ್ಕು, "ಮೂರನ್ನೂ ಹೊಂದಿಸಿಕೊಂಡು ಬರೀಬೇಕಮ್ಮ" ಅಂದೆ. ಉತ್ತರ ಗೊತ್ತಿಲ್ಲದಾಗ ನಮ್ಮಂಥವರು ಹೀಗೆಯೇ ಹೇಳುವುದು.

"ಹೊಂದ್ಲಿಲ್ಲ ಅಂದ್ರೆ ಸಾರ್? ಯಾವುದನ್ನ ಮೊದ್ಲು ಬಿಡ್ಬೇಕು?"

ಊಟದ ಹೊತ್ತಾಯಿತು ಅಂತ ತರಗತಿ ಮುಗಿಸಿದೆ.

ಎಂಟನೇ ದಿನ ಮಾರುಕಟ್ಟೆ ಸಮೀಕ್ಷೆ. ಪ್ರತಿಯೊಬ್ಬರೂ ತಮ್ಮ ಊರಿಗೆ ಹೋಗಿ, ಹತ್ತು ಜನರನ್ನು ಕೇಳಿ, ಪ್ರಶ್ನೆಪಟ್ಟಿ ತುಂಬಿಸಿ ತರಬೇಕು. 'ನಾನು ಈ ಅಂಗಡಿ ತೆರೆದರೆ ನೀವು ಬರುತ್ತೀರಾ?' ಎಂಬುದು ಮುಖ್ಯ ಪ್ರಶ್ನೆ. ಅದನ್ನು ಬರೆದ ಮಹಾಶಯ ನಾನೇ. ಅರ್ಧ ಜನ ಟೀ ಅಂಗಡಿಯಲ್ಲಿ ಕೂತು, ತಾವೇ ಹೆಸರು ಹುಟ್ಟಿಸಿ, ತಾವೇ ಹೌದು ಅಂತ ಬರೆದು ತಂದರು. ಉಳಿದವರು ಅತ್ತೆ, ಅಕ್ಕ, ಚಿಕ್ಕಪ್ಪ, ಪಕ್ಕದ ಮನೆಯವರನ್ನು ಕೇಳಿದರು. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಮುಖದ ಮೇಲೆ ಇಲ್ಲ ಅನ್ನುವ ಜನ ನಮ್ಮ ಕಡೆ ಯಾರಿದ್ದಾರೆ? ಮೊದಲು ಕಾಫಿ ಕೊಡುತ್ತಾರೆ, ಆಮೇಲೆ ಹೌದು ಕೊಡುತ್ತಾರೆ. ಎಷ್ಟೋ ಅಂಗಡಿಗಳು ಅಂಥ ಹೌದು ನಂಬಿ ಬಾಗಿಲು ಹಾಕಿವೆ.

ಅಂಜಲಿಗೆ ಈ ಹೌದಿನ ಬೆಲೆ ಗೊತ್ತಿತ್ತು. ಆರಿ ಅಂಗಡಿ ತೆರೆಯುವ ಮೊದಲು ಇಡೀ ಬೀದಿ ಅವಳಿಗೆ "ಬರ್ತೀವಿ ಕಣೆ" ಅಂದಿತ್ತು. ಹಾಗಾಗಿ ಅವಳು ನನ್ನ ಪ್ರಶ್ನೆಯನ್ನು ಪೆನ್ನಿನಿಂದ ಗೆರೆ ಎಳೆದು ಹೊಡೆದುಹಾಕಿ, ಕೆಳಗೆ ತನ್ನದನ್ನು ಬರೆದುಕೊಂಡಳು. 'ಹೋದ ಸಲ ಏನು ಹೊಲಿಸಿದ್ರಿ, ಎಲ್ಲಿ ಹೊಲಿಸಿದ್ರಿ, ಎಷ್ಟು ದಿನ ಕಾದ್ರಿ?'

ಹೆಂಗಸರು ಹೇಳಿದ್ದು ಒಂದೇ. ಬ್ಲೌಸು, ನಮ್ಮದೇ ಬೀದಿ, ಎರಡು ದಿನ. ಯಾರೂ ಕಾದಿಲ್ಲ, ಯಾರಿಗೂ ತೊಂದರೆಯಿಲ್ಲ. ಬ್ಲೌಸು ಹೊಲಿಯುವ ಕಸುಬಿನ ಆಸೆ ಅಲ್ಲಿಗೆ ಹೋಯಿತು. ನನ್ನ ಮೂರು ಬೇಕರಿಗಳ ಮುಂದೆಯೂ ಹೋಗಿ ನಿಂತಳು. ಒಂದು ಗಂಟೆ ನೋಡಿದಳು. ಮುಂದೆ ನಿಂತಿದ್ದವರಲ್ಲಿ ಮುಕ್ಕಾಲು ಪಾಲು ಜನ ಬೇಕರಿಯ ನೆರಳಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಬಂತು, ಜನ ಹತ್ತಿದರು, ಬೇಕರಿಯವನು ನೊಣ ಓಡಿಸಿದ.

ಅವಳು ಹೈವೇ ಬದಿಯಲ್ಲೇ ನಡೆದು ಮನೆಗೆ ಹೊರಟಾಗ, ಒಬ್ಬ ಲಾರಿ ಡ್ರೈವರು ರಸ್ತೆ ಪಕ್ಕ ಕೂತು, ದಬ್ಬಣ ಹಿಡಿದು ಹರಿದ ಟಾರ್ಪಾಲು ಹೊಲಿಯುತ್ತಿದ್ದ. ಹೆಸರು ಪಾಪಣ್ಣ. ಬೆರಳಿಗೆ ಚುಚ್ಚಿಕೊಂಡು ರಕ್ತ ಬರುತ್ತಿತ್ತು.

"ಅಣ್ಣ, ಇದನ್ನ ಹೊಲಿಯೋರು ಇಲ್ಲೇನು?"

"ಇದ್ದಿದ್ರೆ ನಾನ್ಯಾಕೆ ಹಿಂಗೆ ಚುಚ್ಕಂತಿದ್ದೆ? ಹೋದ್ಸಲ ತುಮಕೂರಾಗೆ ಒಂದಿನ ಕಾದೆ. ಒಂದು ಟ್ರಿಪ್ ಹೋತು."

ಅವಳು ಅಲ್ಲೇ ಕೂತಳು. ದಬ್ಬಣ ಇಸಕೊಂಡು, ಜೀನ್ಸ್ ಪ್ಯಾಂಟಿನ ಅಂಚು ಮಡಚುವ ಹಾಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅರ್ಧ ಗಂಟೆಯಲ್ಲಿ ಹೊಲಿದು ಕೊಟ್ಟಳು. ಪಾಪಣ್ಣ ಕೇಳದೆಯೇ ದುಡ್ಡು ಕೊಟ್ಟ. ಅವಳಿಗೆ ಅವತ್ತು ಸಿಕ್ಕ ಮೊದಲನೇ ನಿಜವಾದ ಹೌದು ಅದು. ಸಂಜೆವರೆಗೆ ಹೈವೇಯಲ್ಲಿ ನಿಂತ ಹದಿನಾಲ್ಕು ಲಾರಿಯವರನ್ನು ಕೇಳಿದಳು. ಒಂಬತ್ತು ಜನ ಕಳೆದ ಎರಡು ತಿಂಗಳಲ್ಲಿ ಟಾರ್ಪಾಲಿಗಾಗಿ ಎಲ್ಲೋ ಕಾದಿದ್ದರು. ಮಂಡಿಯ ಟಾರ್ಪಾಲಿನ ಬಗ್ಗೆ ದುರ್ಗೇಶನನ್ನು ಕೇಳಿದರೆ, "ಅಯ್ಯೋ, ಅಲ್ಲಿ ಎಲ್ಲಾ ತೂತೇ," ಅಂದ. ದಿನಾ ಅದರ ಕೆಳಗೇ ಲೋಡು ಹಾಕುವ ಗಂಡ, ಒಂದು ದಿನವೂ ಮನೆಗೆ ಬಂದು ಹೇಳಿರಲಿಲ್ಲ.

ಕೊನೆಯ ದಿನ ನಮ್ಮ ಮುಂದೆ ಯೋಜನೆ ಮಂಡಿಸಬೇಕು. ನಾವು ಒಪ್ಪಿ ಸಹಿ ಹಾಕಿದರೆ ಮಾತ್ರ ಅರ್ಜಿ ಬ್ಯಾಂಕಿಗೆ ಹೋಗುತ್ತದೆ. ಮೇಜಿನ ಹಿಂದೆ ಗೋವರ್ಧನ, ಶಿವಕುಮಾರಪ್ಪ, ನಾನು. ಅವಳ ಫಾರಂನ ಖಾನೆಯಲ್ಲಿ 'ಲಾರಿ ಟಾರ್ಪಾಲು ಹೊಲಿಗೆ ಮತ್ತು ರಿಪೇರಿ' ಅಂತಿತ್ತು.

ಗೋವರ್ಧನ ಮೂಗು ಮುರಿದ. "ಆರಿ ವರ್ಕ್ ಅಂದ್ರೆ ನಿಮಗೆ ಪ್ರಾಣ ಅಂದಿದ್ರಿ. ಇದರಲ್ಲಿ ನಿಮ್ಮ ಪ್ಯಾಷನ್ ಎಲ್ಲಿದೆ?"

"ಟಾರ್ಪಾಲಿನ ಮ್ಯಾಲೆ ಯಾರಿಗೆ ಪ್ರೀತಿ ಇರ್ತೈತಿ ಸಾರ್? ನಂಗೆ ನನ್ನ ಮಿಷನ್ ಮುಂದೆ, ನನ್ನ ಹೊತ್ತಿಗೆ ಕುಂತ್ಕಳೋದು ಇಷ್ಟ. ಅಷ್ಟು ಸಾಕು. ಇಷ್ಟ ಇಲ್ದಿದ್ರೆ ನಾನು ಸುಸ್ತಾಗ್ತೀನಿ, ಗಿರಾಕಿ ಇಲ್ದಿದ್ರೆ ಅಂಗಡಿನೇ ಹೋಗ್ತೈತಿ."

"ಕಸುಬು ಬರುತ್ತಾ?" ಎಂದರು ಶಿವಕುಮಾರಪ್ಪ.

"ಅರ್ಧ ಬರ್ತೈತಿ. ದಪ್ಪ ಬಟ್ಟೆ ಹೊಲಿಯೋದು ಬರ್ತೈತಿ. ತೂತಿಗೆ ತೇಪೆ ಅಂಟಿಸೋದು ಕಲೀಬೇಕು. ಪೂರಾ ಬರೋ ಬ್ಲೌಸ್ ಹೊಲಿಗೆ ನಮ್ಮ ಬೀದ್ಯಾಗೆ ಆರು ಜನಕ್ಕೆ ಬರ್ತೈತಿ."

ಈಗ ನನ್ನ ಸರದಿ. ಬೇಕರಿ ವಿಷಯ ಅವಳು ತರಗತಿಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದು ನನ್ನ ಕಿವಿಗೆ ಬಿದ್ದಿತ್ತು, ಮೈ ಉರಿಯುತ್ತಿತ್ತು. "ಒಂದು ದಿನ ರಸ್ತೆಯಲ್ಲಿ ನಿಂತು ನೋಡಿದ್ದನ್ನು ಬೇಡಿಕೆ ಅನ್ನುತ್ತೀಯಾ? ನನಗಂತೂ ಕಾಣಿಸುತ್ತಿಲ್ಲ" ಅಂದೆ.

"ಎಲ್ರಿಗೂ ಕಾಣೋ ಬೇಡಿಕೆ ಇದ್ದಲ್ಲಿ ಆಗ್ಲೇ ಮೂರು ಬೇಕರಿ ಇರ್ತಾವೆ ಸಾರ್," ಅಂದಳು. ಆಮೇಲೆ ದನಿ ತಗ್ಗಿಸಿ, ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ ಕೇಳಿದಳು. "ಸಾರ್, ನೀವು ಯಾವ ಅಂಗಡಿ ಇಟ್ಟಿದ್ರಿ?"

ನಾನು ಇಟ್ಟಿದ್ದೆ, ಶುರುವಿನಲ್ಲಿ ನಿಮಗೂ ಹೇಳದೆ ಮುಚ್ಚಿಟ್ಟೆ. ನಿವೃತ್ತಿಯಾದ ವರ್ಷ ಹೊಳಲ್ಕೆರೆಯಲ್ಲಿ, ನನ್ನ ಇಷ್ಟಕ್ಕೆ, ಒಂದು ಪುಸ್ತಕದ ಅಂಗಡಿ. ಬ್ಯಾಂಕಿನ ಗೆಳೆಯರೆಲ್ಲ ಬರ್ತೀವಿ ಅಂದಿದ್ದರು. ಉದ್ಘಾಟನೆಗೆ ಬಂದರು, ಉಪ್ಪಿಟ್ಟು ತಿಂದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಂಬತ್ತು ತಿಂಗಳಿಗೆ ಮುಚ್ಚಿ, ಯಾರಿಗೂ ಹೇಳದೆ ಪಾಠ ಹೇಳಲು ಬಂದೆ. ಇದನ್ನು ಅಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಫಾರಂ ಎಳೆದುಕೊಂಡು ಉಳಿದಿಬ್ಬರಿಗಿಂತ ಮೊದಲು ಸಹಿ ಹಾಕಿದೆ. ನಾಚಿಕೆಯಿಂದ ಹಾಕಿದ್ದು, ಮೆಚ್ಚಿ ಅಲ್ಲ.

ಬ್ಯಾಂಕಿನ ಕಿರಣ್‌ಕುಮಾರ್ ಮೂರು ಸಲ ಓಡಾಡಿಸಿ ಸಾಲ ಕೊಟ್ಟ. ಅವಳು ಹೈವೇ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಸಿ, ದಪ್ಪ ಬಟ್ಟೆಯ ಮಿಷನ್ ತಂದಳು. ಮೊದಲ ತಿಂಗಳು ಒಬ್ಬರೂ ನಿಲ್ಲಲಿಲ್ಲ. ಹೆಂಗಸು, ಹೊಲಿಗೆ ಮಿಷನ್ ಕಂಡರೆ ಬ್ಲೌಸು ಅಂದುಕೊಂಡು ಡ್ರೈವರುಗಳು ಮುಂದೆ ಹೋಗುತ್ತಿದ್ದರು. ಆಮೇಲೆ ಒಂದು ದೊಡ್ಡ ಹರಕು ಟಾರ್ಪಾಲನ್ನು ಅರ್ಧ ಹೊಲಿದು, ಅರ್ಧ ಹಾಗೇ ಬಿಟ್ಟು, ಶೆಡ್ಡಿನ ಮುಂದೆ ತೂಗುಹಾಕಿದಳು. ಬೋರ್ಡು ಓದದವರೂ ನಿಂತರು. ಪಾಪಣ್ಣನೇ ಒಂದು ದಿನ ವಾಪಸ್ ಬಂದು, "ಏನಕ್ಕ, ಹೊಲಿದ ತೂತಿನಾಗೇ ನೀರು ಇಳೀತೈತಿ, ಮೂಟೆ ನೆಂದು ಬೈಸ್ಕಂಡೆ," ಅಂತ ಜಗಳ ಆಡಿದ. ತಪ್ಪು ಒಪ್ಪಿ ಬಿಚ್ಚಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ ಕೊಟ್ಟಳು. ಅವತ್ತಿನಿಂದ ಪ್ರತಿ ಹೊಲಿಗೆಯ ಮೇಲೂ ಪಟ್ಟಿ ಇರುತ್ತದೆ.

ಎರಡು ವರ್ಷದ ನಂತರ, ಹೊಸ ತಂಡಕ್ಕೆ ತೋರಿಸಲು ಗೋವರ್ಧನನೂ ನಾನೂ ಬೆಳಗ್ಗೆ ಬೇಗ ಅವಳ ಶೆಡ್ಡಿಗೆ ಹೋಗಿದ್ದೆವು. ಗೋವರ್ಧನ ಮೂವತ್ತು ಜನರ ಮುಂದೆ ಕೈ ಚಾಚಿ, "ನೋಡಿ, ಟಾರ್ಪಾಲೇ ಇವರ ಪ್ಯಾಷನ್ನು" ಎಂದ. ಇಂಥ ಹಸಿ ಸುಳ್ಳನ್ನು ಅವಳ ಮುಂದೆಯೇ ಹೇಳಲು ಅವನಿಗೆ ನಾಚಿಕೆಯೇ ಆಗಲಿಲ್ಲ. ಅಂಜಲಿ ಬಗ್ಗಿ ಟಾರ್ಪಾಲಿಗೆ ಪಟ್ಟಿ ಅಂಟಿಸುತ್ತಿದ್ದಳು. ಮಿಷನ್ ಪಕ್ಕದ ಗೂಟದಲ್ಲಿ ಆರಿ ಚೌಕಟ್ಟು ನೇತುಹಾಕಿತ್ತು, ಅದರಲ್ಲಿ ಅಕ್ಕನ ಮಗಳ ಬ್ಲೌಸಿನ ತೋಳು, ಅರ್ಧ ನವಿಲು. ಆರಿ ಕೆಲಸಕ್ಕೆ ಅವಳು ಯಾರ ಹತ್ತಿರವೂ ದುಡ್ಡು ತಗೊಳ್ಳುವುದಿಲ್ಲ.

ಆರೂವರೆಗೆ ಫ್ಯಾಕ್ಟರಿ ಬಸ್ಸು ಬಂದು ಶೆಡ್ಡಿನ ಮುಂದೆಯೇ ನಿಂತಿತು. ಕಿಟಕಿಗಳಲ್ಲಿ ಅವಳ ಜೊತೆ ಕೆಲಸ ಮಾಡಿದ್ದ ಹೆಂಗಸರು ಇಣುಕಿದರು. ಡ್ರೈವರು ಹರಿದ ಸೀಟ್ ಕವರುಗಳ ಕಟ್ಟು ಹೊತ್ತುಕೊಂಡು ಕೆಳಗಿಳಿದ. "ಅಕ್ಕ, ಇದನ್ನ ಈಗ್ಲೇ ಹೊಲಿದು ಕೊಟ್ಬಿಡಿ. ಲೇಟಾದ್ರೆ ಸೂಪರ್‌ವೈಸರ್ ಬೈತಾನೆ."

ಅಂಜಲಿ ಬಸ್ಸನ್ನು ಒಮ್ಮೆ ನೋಡಿದಳು. "ಅಲ್ಲಿ ಇಟ್ಟು ಹೋಗಣ್ಣ. ನಿನಗಿಂತ ಮುಂದೆ ಎರಡು ಲಾರಿ ಅವೆ, ಸಂಜೆ ಬಂದು ತಗಂಡು ಹೋಗು," ಅಂದು ಮಿಷನ್ ಓಡಿಸಿದಳು.