ದೊಡ್ಡವನ ಹೆಸರು ಮೊದಲಿಗೆ

ಬಳ್ಳಾರಿಯ ಗಾಂಧಿನಗರದ ಒಂದು ಅಡ್ಡರಸ್ತೆಯಲ್ಲಿ ಶಶಿರೇಖಾಳ ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. ಮೊದಲು ಆಕೆ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಆ ಶಾಲೆ ಮುಚ್ಚಿದ ಮೇಲೆ ಮದುವೆ ಪತ್ರ, ಬಾಡಿಗೆ ಕರಾರು, ತಿಥಿ ಕಾರ್ಡು ಅಂತ ಇದೇ ಜೀವನವಾಯಿತು.

ಆಕೆಗೊಂದು ಪದ್ಧತಿಯಿತ್ತು. ಬರೆದು ತಂದ ಹಾಳೆಯನ್ನು ಬೆರಳಿಟ್ಟು ಗಟ್ಟಿಯಾಗಿ ಓದುವಳು. ‘ಅವನು’, ‘ಅವರು’, ‘ಅದು’ ಬಂದಲ್ಲೆಲ್ಲ ಬೆರಳು ನಿಲ್ಲುತ್ತಿತ್ತು.

“ಯಾರು?” ಎಂದು ಕೇಳುವಳು.

ಒಮ್ಮೆ ಸುಭಾಷ್ ಎಂಬ ಮನೆ ಮಾಲೀಕ ಕರಾರು ತಂದಿದ್ದ. ‘ಮಾಲೀಕರು ಬಾಡಿಗೆದಾರರಿಗೆ ಮನೆ ಕೊಟ್ಟಿದ್ದು, ಅವರೇ ವರ್ಷಕ್ಕೊಮ್ಮೆ ಸುಣ್ಣ ಹೊಡೆಸತಕ್ಕದ್ದು’ ಎಂದಿತ್ತು.

“ಅವರು ಅಂದ್ರ ಯಾರ್ರಿ?”

“ಅವ್ರೇ ರೀ, ಬಾಡಿಗಿಯೋರು. ಅಷ್ಟೂ ತಿಳಿಯಂಗಿಲ್ಲೇನು?”

“ನಿಮಗ ತಿಳಿತೈತಿ. ಗ್ವಾಡಿ ಕಪ್ಪಾದ ದಿನ ಬಾಡಿಗಿಯೋರು ನಿಮ್ಮನ್ನ ತೋರಿಸ್ತಾರ.”

ಸುಭಾಷ್ ನಕ್ಕ. ಶಶಿರೇಖಾ ‘ಅವರೇ’ ತೆಗೆದು ‘ಬಾಡಿಗೆದಾರರೇ’ ಎಂದು ಹಾಕಿದಳು. ಓಣಿಯವರು ಆಕೆಗೆ ‘ಯಾರು ಮೇಡಂ’ ಎಂದೇ ಹೆಸರಿಟ್ಟಿದ್ದರು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸಿರುಗುಪ್ಪ ಕಡೆಯಿಂದ ಇಬ್ಬರು ಬಂದರು. ಒಬ್ಬರು ಚಿದಾನಂದಪ್ಪ, ಭತ್ತದ ಗದ್ದೆಯ ರೈತ. ಇನ್ನೊಬ್ಬಳು ಅವರ ತೀರಿಹೋದ ತಮ್ಮನ ಹೆಂಡತಿ ಪಾರಮ್ಮ. ಹಿಂದಿನ ವರ್ಷ ಇಬ್ಬರ ಮಕ್ಕಳೂ ಒಂದೇ ದಿನ ಕಾಲುವೆಯ ಪಾಲಾಗಿದ್ದರು. ಚಿದಾನಂದಪ್ಪನ ಮಗ ಕರಿಬಸವ, ಪಾರಮ್ಮನ ಮಗ ತಿಪ್ಪೇಶ. ಕಾಲುವೆ ದಂಡೆಯ ಮೇಲೆ ನೆನಪಿನ ಕಲ್ಲು ನಿಲ್ಲಿಸಬೇಕು, ಅದಕ್ಕೆ ನಾಲ್ಕು ಸಾಲು ಬೇಕು ಎಂದರು. ಊರಿನವರು ಬರೆದುಕೊಟ್ಟ ಹಾಳೆಯಲ್ಲಿ ಹೀಗಿತ್ತು: ‘ಕರಿಬಸವ ಹಾಗೂ ತಿಪ್ಪೇಶ ಕಾಲುವೆಗೆ ಹೋದಾಗ ಅವನು ಜಾರಿ ಬಿದ್ದನು. ಅವನನ್ನು ಉಳಿಸಲು ಅವನೂ ಹಾರಿದನು. ಅದು ಮರೆಯಲಾಗದ್ದು.’

ಶಶಿರೇಖಾಳ ಬೆರಳು ನಿಂತಿತು. “ಜಾರಿದವರು ಯಾರು?”

ಚಿದಾನಂದಪ್ಪ ಬಾಗಿಲ ಕಡೆ ನೋಡಿದರು. ಪಾರಮ್ಮ ಹೇಳಿದಳು. “ಕರಿಬಸವ ಜಾರಿದ. ಗುದ್ಲಿ ತೊಳ್ಯಾಕ ಇಳಿದಿದ್ನವ್ವ. ನನ್ನ ಮಗ ದಂಡಿ ಮ್ಯಾಲಿದ್ದ, ಹಾರಿದ. ಈಜು ಅಷ್ಟೊಂದು ಬರ್ತಿದ್ದಿಲ್ಲ ಅವನಿಗೆ.”

“ಹೌದೇನ್ರಿ?”

“ಹೌದ್ರಿ,” ಎಂದರು ಚಿದಾನಂದಪ್ಪ, ದನಿ ತಗ್ಗಿಸಿ.

ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಕೆತ್ತುವುದಿತ್ತು, ಮತ್ತೆ ಮತ್ತೆ ಬರೆದರೆ ಕಲ್ಲಿಗೆ ಹಿಡಿಯುತ್ತಿರಲಿಲ್ಲ. ಕಲ್ಲು ಕೆತ್ತುವ ಕುರುಗೋಡಿನ ಮಾರೆಣ್ಣ ಅಳತೆ ಕೊಟ್ಟಿದ್ದ, ಅದಕ್ಕಿಂತ ಒಂದಕ್ಷರ ಹೆಚ್ಚಾಗಬಾರದು ಎಂದಿದ್ದ. ಶಶಿರೇಖಾ ಯೋಚಿಸಿ ತಿದ್ದಿದಳು: ‘ಕರಿಬಸವ ಹಾಗೂ ತಿಪ್ಪೇಶ ಕಾಲುವೆಗೆ ಹೋದಾಗ ಮೊದಲನೆಯವನು ಜಾರಿ ಬಿದ್ದನು. ಇದನ್ನು ಕಂಡ ಎರಡನೆಯವನು ಉಳಿಸಲು ಹಾರಿದನು. ಇಂಥ ಪ್ರೀತಿಯನ್ನು ಊರು ಮರೆಯದು.’

ಪಾರಮ್ಮನಿಗೆ ಓದು ಬಾರದು. ಶಶಿರೇಖಾ ಓದಿ ಹೇಳಿದಳು. “ಮೊದಲು ಬರೆದ ಹೆಸರು ಕರಿಬಸವ, ಆಮೇಲೆ ಬರೆದದ್ದು ತಿಪ್ಪೇಶ. ಅದಕ್ಕ ಮೊದಲನೆಯವನು ಅಂದ್ರ ಕರಿಬಸವ, ಎರಡನೆಯವನು ನಿನ್ನ ಮಗ. ‘ಇದನ್ನು’ ಅಂದ್ರ ಆ ಜಾರಿದ್ದು. ‘ಇಂಥ’ ಅಂದ್ರ ಹಾರಿದವನ ಪ್ರೀತಿಯಂಥದು.”

ಪಾರಮ್ಮ ಹಾಳೆಯ ಮೇಲೆ ಕೈಯಿಟ್ಟಳು. “ಎರಡನೇವ,” ಎಂದು ಮೆಲ್ಲಗೆ ಅಂದಳು. “ಅಷ್ಟು ಇದ್ರ ಸಾಕವ್ವ. ಸುಮ್ಮನ ಸತ್ತ ಅನ್ನಬಾರದು.”

ಎರಡು ದಿನ ಬಿಟ್ಟು ಚಿದಾನಂದಪ್ಪನ ಫೋನು ಬಂತು.

“ಮೇಡಮ್ಮೋರ, ಒಂದು ಮಾತು. ತಿಪ್ಪೇಶ ದೊಡ್ಡವ್ರಿ, ನಮ್ಮ ಹುಡುಗ ಸಣ್ಣವ. ನಮ್ಮಲ್ಲಿ ದೊಡ್ಡವನ ಹೆಸರು ಮೊದಲಿಗೆ ಬರೀಬೇಕು. ತಮ್ಮನ ಮಗ ಅಂತ ಹಿಂದ ಹಾಕಿದ್ರು ಅಂದಾರು ಜನ. ಆ ಮಾತು ನನಗ ಬ್ಯಾಡ.”

ಒಳ್ಳೆಯ ಮಾತು ಅನ್ನಿಸಿತು ಶಶಿರೇಖಾಳಿಗೆ. ಅಂಗಡಿಯಲ್ಲಿ ಮದುವೆ ಪತ್ರದ ಗಿರಾಕಿಗಳು ತುಂಬಿದ್ದರು. ‘ಕರಿಬಸವ’ ಇದ್ದಲ್ಲಿ ‘ತಿಪ್ಪೇಶ’, ‘ತಿಪ್ಪೇಶ’ ಇದ್ದಲ್ಲಿ ‘ಕರಿಬಸವ’ ಎಂದು ಹಾಕಿದಳು. ಅದಲುಬದಲಾದದ್ದು ಎರಡೇ ಹೆಸರು ಎಂದು ಬೆರಳಿಟ್ಟು ಓದಲಿಲ್ಲ. ಹಾಳೆಯನ್ನು ಮೊಬೈಲಿನಲ್ಲೇ ಮಾರೆಣ್ಣನಿಗೆ ಕಳಿಸಿದಳು.

ಕಲ್ಲು ನಿಲ್ಲಿಸುವ ದಿನ ಪಾರಮ್ಮನೇ ಫೋನು ಮಾಡಿಸಿ ಕರೆದಿದ್ದಳು. ಶಶಿರೇಖಾ ಸಿರುಗುಪ್ಪ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಹೋಗುವಷ್ಟರಲ್ಲಿ ಕಲ್ಲಿಗೆ ಹೂವಿನ ಹಾರ ಬಿದ್ದಿತ್ತು. ಹತ್ತಾರು ಜನ ನಿಂತಿದ್ದರು.

“ಅಯ್ಯ, ತಿಪ್ಪೇಶ ಜಾರಿದ್ದೇನು? ನಾವು ಉಲ್ಟಾ ತಿಳಿದಿದ್ವಿ,” ಎಂದಳೊಬ್ಬಾಕೆ ಪಕ್ಕದವಳಿಗೆ. “ಕರಿಬಸವ ಪಾಪ, ಅವನ್ನ ಎತ್ತಾಕ ಹೋಗಿ ಹೋದ ನೋಡು.”

ಶಶಿರೇಖಾ ಮುಂದೆ ಹೋಗಿ ಓದಿದಳು. ‘ತಿಪ್ಪೇಶ ಹಾಗೂ ಕರಿಬಸವ ಕಾಲುವೆಗೆ ಹೋದಾಗ ಮೊದಲನೆಯವನು ಜಾರಿ ಬಿದ್ದನು.’ ಅಕ್ಷರ ಒಂದೂ ತಪ್ಪಿರಲಿಲ್ಲ. ಮಾರೆಣ್ಣನ ಕೆತ್ತನೆ ಚೆನ್ನಾಗಿತ್ತು. ಹೆಸರು ಜಾಗ ಬದಲಿಸಿದಾಗ ‘ಮೊದಲನೆಯವನು’ ಬೇರೆಯವನಾಗಿಬಿಟ್ಟಿದ್ದ. ಹಾರಿದವನೂ ಬೇರೆಯವನಾಗಿದ್ದ.

ಚಿದಾನಂದಪ್ಪನನ್ನು ಬೇವಿನ ಮರದ ಹಿಂದೆ ಕರೆದಳು. “ನನ್ನ ತಪ್ಪಾಗೇತ್ರಿ. ಮಾರೆಣ್ಣ ಮ್ಯಾಲಿನ ಪದರ ಅರೆದು ಮತ್ತ ಕೆತ್ತಿ ಕೊಡ್ತಾನ. ಎಷ್ಟಾದ್ರೂ ನಾನೇ ಕೊಡ್ತೀನಿ.”

ಅವರಿಗೆ ಬೆಳಿಗ್ಗೆಯೇ ತಿಳಿದಿತ್ತು. “ಬ್ಯಾಡ್ರಿ,” ಎಂದರು.

“ಬ್ಯಾಡ ಅಂದ್ರ ಹ್ಯಾಂಗ್ರಿ?”

“ವರ್ಷಾತು ನನ್ನ ಹೆಂಡ್ತಿ ನೀರಿಗೂ ಹೊರಗ ಹೋಗಿಲ್ಲ. ನಿನ್ನ ಮಗನಿಂದ ಆ ಹುಡುಗನೂ ಹೋದ ಅಂತಾರ ಬಾವಿ ಕಟ್ಟಿ ಮ್ಯಾಲ. ಇವತ್ತು ಆ ಬಾಯಿಗಳೇ ಪಾಪ ಕರಿಬಸವ ಅಂದ್ವು. ಆಕಿ ಕೇಳಿಸ್ಕೊಂಡ್ಳು. ಈಗ ಅಲ್ಲಿ ಕುಂತಾಳ ನೋಡ್ರಿ, ಮುಖ ತೊಳಕೊಂಡು.” “ನಾನು ಬೇಕಂತ ಮಾಡ್ಲಿಲ್ಲ. ಆದ್ರ ಇನ್ನ ತೆಗಿಯಂಗಿಲ್ಲ.”

ಶಶಿರೇಖಾ ಆ ಹೆಂಗಸಿನ ಕಡೆ ನೋಡಿದಳು.

ಪಾರಮ್ಮ ಇಬ್ಬರೂ ನಿಂತಲ್ಲಿಗೆ ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು.

“ಅಕ್ಕಾ, ಒಂದ್ಸಲ ಓದಿ ಹೇಳು. ಅವತ್ತು ಹೇಳಿದ್ಯಲ್ಲ, ಹಂಗ.”

ಅಂದಿನ ಹಾಗೆಯೇ ಹೇಳಿಬಿಡಬಹುದಿತ್ತು. ಪಾರಮ್ಮ ನಂಬುತ್ತಿದ್ದಳು, ಮನೆಗೆ ಹೋಗುತ್ತಿದ್ದಳು. ಆದರೆ ಊರಿಗೆಲ್ಲ ಓದು ಬರುತ್ತದೆ. ಶಶಿರೇಖಾ ಕಲ್ಲಿನ ಬಳಿ ಹೋಗಿ, ಬೆರಳಿಟ್ಟು ಇದ್ದದ್ದನ್ನು ಇದ್ದಹಾಗೆ ಓದಿದಳು.

“ಇದ್ರಾಗ ನನ್ನ ಮಗ ಮೊದಲನೇವನೋ ಎರಡನೇವನೋ?”

“ಮೊದಲನೇವ. ದೊಡ್ಡವನ ಹೆಸರು ಮುಂದ ಬಂತು, ಅದಕ್ಕ. ಉಳಿದ ಸಾಲು ನಾನು ತಿದ್ದಲಿಲ್ಲ ಪಾರಮ್ಮ. ತಪ್ಪು ನನ್ನದು.”

“ಅಂದ್ರ ಜಾರಿದವ ನನ್ನ ಮಗ ಅಂತಾತು.”

“ಹೌದು.”

ಪಾರಮ್ಮ ಹಿಂದೆಯೇ ಬಂದಿದ್ದ ಭಾವನ ಕಡೆ ತಿರುಗಿದಳು. ಚಿದಾನಂದಪ್ಪ ತಲೆ ಎತ್ತಲಿಲ್ಲ. ದೂರದಲ್ಲಿ ಅವರ ಹೆಂಡತಿ ಹೆಂಗಸರ ನಡುವೆ ಕೂತು ಎಲೆ ಅಡಿಕೆ ಹಂಚುತ್ತಿದ್ದಳು. ಪಾರಮ್ಮ ಆಕೆಯನ್ನೂ ನೋಡಿದಳು.

“ಭಾವ, ತಿದ್ದಿಸೂದು ಬಿಡೂದು ನಿಮ್ಮದು,” ಎಂದಳು. “ಕಲ್ಲು ನಿಲ್ಲಿಸಿದ್ದು ನಿಮ್ಮ ಹೊಲದ ದಂಡಿ ಮ್ಯಾಲ. ನನ್ನ ಮಗ ಬಿದ್ದಿಲ್ಲ ಅನ್ನೂದು ನಿಮಗ ಗೊತ್ತೈತಿ.”

ಅವರು ಗದ್ದೆಯ ಬದುವಿಗಿಳಿದು ಹೋದರು.

ಜನ ಊಟಕ್ಕೆ ಹೊರಟರು. ಪಾರಮ್ಮ ಹೋಗಲಿಲ್ಲ. ಸೆರಗು ಸುತ್ತಿಕೊಂಡು ಕಲ್ಲಿನ ಪಕ್ಕ ನೆಲದ ಮೇಲೆ ಕೂತಳು. ಶಶಿರೇಖಾ ನಿಂತೇ ಇದ್ದಳು. ಬಸ್ಸಿನ ಹೊತ್ತು ಮೀರುತ್ತಿತ್ತು.

ನಾಟಿ ಗದ್ದೆಯಿಂದ ಬರುತ್ತಿದ್ದ ಆಳೊಬ್ಬ ಸೈಕಲ್ ನಿಲ್ಲಿಸಿ, ತುಟಿ ಅಲುಗಿಸುತ್ತ ಸಾಲುಗಳನ್ನು ಓದಿದ.

“ತಮ್ಮಾ,” ಎಂದಳು ಪಾರಮ್ಮ. “ಅಲ್ಲಿ ಎರಡನೇವ ಅಂತ ಐತಲ್ಲ, ಅವ ನನ್ನ ಮಗ. ತಿಪ್ಪೇಶ.”

ಆತ ಕಲ್ಲನ್ನು ನೋಡಿದ, ಆಕೆಯನ್ನು ನೋಡಿದ. “ಇಲ್ಲಿ ಹಂಗ ಬರೆದಿಲ್ಲಲ್ಲವ್ವ,” ಎಂದು ಪೆಡಲು ತುಳಿದ.