ಹೆಸರಿಲ್ಲದ ಕೋಲಾಟ

ನಮ್ಮ ಶಾಲೆಯ ವಾರ್ಷಿಕೋತ್ಸವದ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕುವ ಕೆಲಸ ನನ್ನ ತಲೆಗೇ ಬಿದ್ದಿತ್ತು. ವಿಡಿಯೋ ತೆಗೆದವನು ಕೋಲಾಟದ ಫೈಲಿಗೆ ಮುಂದಿನ ಸಾಲಿನ ಇಬ್ಬರು ಹುಡುಗಿಯರ ಪೂರ್ತಿ ಹೆಸರು ಕೊಟ್ಟಿದ್ದ. ಹಾಕಿದೊಡನೆ ಅದೇ ಶೀರ್ಷಿಕೆಯಾಗಿ ಕೂತುಬಿಟ್ಟಿತು. ಸಿಡುಕುತ್ತಲೇ ಅಳಿಸಿ, ‘ಮೂರನೇ ತರಗತಿ, ಕೋಲಾಟ’ ಎಂದಷ್ಟೇ ಬರೆದೆ. ಹುಡುಕಾಟದಲ್ಲಿ ಕಾಣದಂತೆ ‘ಅನ್‌ಲಿಸ್ಟೆಡ್’ ಆಯ್ಕೆ ಮಾಡಿ, ಲಿಂಕನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿದೆ.

ಮರುದಿನ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿದ ತಂದೆಯೊಬ್ಬರು ನೇರವಾಗಿ ಶಾಲೆಗೇ ಬಂದರು.

“ಮಿಸ್, ನನ್ ಮಗಳ ಹೆಸರೇ ಹಾಕಿಲ್ವಲ್ಲ?”

“ಯಾರಾದ್ರೂ ಹೆಸರು ಹಾಕಿ ಹುಡುಕಿದ್ರೆ ಸಿಗಬಾರ್ದು ಅಂತಾನೇ ಹಾಕಿಲ್ಲ. ಲಿಂಕ್ ಸಿಕ್ಕಿದೋರೆಲ್ಲ ನೋಡ್ಬೋದು, ಗುಂಪಿನಿಂದಾಚೆ ಕಳಿಸ್ಬೇಡಿ.”

ಅವರು ವಿಡಿಯೋ ಹಚ್ಚಿ, ಫೋನನ್ನು ನನ್ನತ್ತ ತಿರುಗಿಸಿ ನಕ್ಕರು.

“ಸರಿ ಬಿಡಿ ಮಿಸ್. ಎಲ್ರೂ ಬಲಕ್ಕೆ ತಿರುಗಿದಾಗ ಒಬ್ಳೇ ಎಡಕ್ಕೆ ತಿರುಗ್ತಾಳಲ್ಲ, ಅವಳೇ ನಮ್ಮವಳು. ಹೆಸರು ಯಾಕೆ ಬೇಕು?”